ಬೇಯಿಸಿದ ತರಕಾರಿಯ ಜೀವಸತ್ವ ಎಲ್ಲಿಗೆ ಹೋಗುತ್ತದೆ?

ತರಕಾರಿಯನ್ನು ಬೇಯಿಸಿದರೆ ಜೀವಸತ್ವ ಹೋಗುತ್ತದೆ ಎಂಬ ಮಾತನ್ನು ನೀವೆಲ್ಲರೂ ಕೇಳಿದ್ದೀರಿ. ಆದರೆ ಅದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಕಡಿಮೆ. ಇವತ್ತಿನ ನನ್ನ ಮಾತು ಆ ಒಂದು ಪ್ರಶ್ನೆಯ ಸುತ್ತಲೇ ಇರುತ್ತದೆ. ಏಕೆಂದರೆ ಬೆಂದ ತರಕಾರಿಯಲ್ಲಿ ಒಂದು ಜೀವಸತ್ವ ಕಡಿಮೆಯಾಗಿದೆ ಎಂದರೆ ಅದಕ್ಕೆ ಎರಡು ಬೇರೆ ಬೇರೆ ಕಾರಣಗಳಿರಬಹುದು. ಅದು ಶಾಖಕ್ಕೆ ಒಡೆದು ಬೇರೆ ಪದಾರ್ಥವಾಗಿರಬಹುದು. ಹಾಗಾಗಿದ್ದರೆ ಅದನ್ನು ಮರಳಿ ಪಡೆಯುವ ದಾರಿಯಿಲ್ಲ. ಅಥವಾ ಅದು ತರಕಾರಿಯಿಂದ ಹೊರಬಂದು ಬೇಯಿಸಿದ ನೀರಿನಲ್ಲಿ ಕರಗಿರಬಹುದು. ಹಾಗಾಗಿದ್ದರೆ ಅದು ಇನ್ನೂ ಪಾತ್ರೆಯಲ್ಲೇ ಇದೆ, ಆ ನೀರನ್ನು ನಾವು ಚೆಲ್ಲುವವರೆಗೆ ಎಲ್ಲಿಗೂ ಹೋಗಿಲ್ಲ. ಹಬೆ, ಪ್ರೆಷರ್ ಕುಕ್ಕರ್, ಕರಿಯುವುದು ಎಂಬ ಮೂರು ವಿಧಾನಗಳ ನಡುವಿನ ವ್ಯತ್ಯಾಸದ ಬಹುಪಾಲು ಈ ಎರಡು ಕಾರಣಗಳಲ್ಲಿ ಯಾವುದಕ್ಕೆ ಎಷ್ಟು ಅವಕಾಶ ಸಿಕ್ಕಿತು ಎಂಬುದರಿಂದಲೇ ಹುಟ್ಟುತ್ತದೆ.

ಎಲ್ಲ ಜೀವಸತ್ವಗಳ ಕಥೆಯನ್ನೂ ಹೇಳಲು ಹೊರಟರೆ ಯಾವುದನ್ನೂ ಪೂರ್ತಿ ಹೇಳಿದಂತಾಗುವುದಿಲ್ಲ. ಹಾಗಾಗಿ ನಾನು ಮುಖ್ಯವಾಗಿ ಸಿ ಜೀವಸತ್ವವನ್ನು ಹಿಡಿದುಕೊಳ್ಳುತ್ತೇನೆ. ಅದು ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಗಾಳಿ ತಾಗಿದರೆ ಕೆಡುತ್ತದೆ, ಶಾಖಕ್ಕೂ ಸೂಕ್ಷ್ಮ. ಆದ್ದರಿಂದ ಅಡುಗೆಯಲ್ಲಿ ಆಗುವ ಏರುಪೇರು ಮೊದಲು ಕಾಣಿಸಿಕೊಳ್ಳುವುದು ಅದರಲ್ಲಿಯೇ. ಫೋಲೇಟ್ ಎಂಬ ಬಿ ಗುಂಪಿನ ಜೀವಸತ್ವದ ವಿಷಯ ನಡುವೆ ಬರುತ್ತದೆ. ಕೊನೆಯ ಭಾಗದಲ್ಲಿ ಕ್ಯಾರೆಟ್ಟಿನ ಬೀಟಾ ಕ್ಯಾರೊಟಿನ್ ಬರುತ್ತದೆ. ಅದು ನೀರಿನಲ್ಲಿ ಕರಗದೆ ಜಿಡ್ಡಿನಲ್ಲಿ ಕರಗುವ ಪದಾರ್ಥವಾದ್ದರಿಂದ ಅದರ ನಡತೆ ಹೆಚ್ಚುಕಡಿಮೆ ತಿರುಗುಮುರುಗು.

ಮೊದಲು ನೀರಿನ ಲೆಕ್ಕವನ್ನು ಮಾಡೋಣ. ಇನ್ನೂರು ಗ್ರಾಂ ಹೆಚ್ಚಿದ ಎಲೆಕೋಸು ನಮ್ಮ ಮುಂದಿದೆ ಎಂದುಕೊಳ್ಳಿ. ಹಸಿ ಎಲೆಕೋಸಿನಲ್ಲಿ ನೂರು ಗ್ರಾಮಿಗೆ ಸುಮಾರು 36 ಮಿಲಿಗ್ರಾಂ ಸಿ ಜೀವಸತ್ವ ಇರುತ್ತದೆ. ಅಂದರೆ ನಮ್ಮ ಬಳಿ ಇರುವುದು 72 ಮಿಲಿಗ್ರಾಂ. ಎಲೆಕೋಸಿನ ತೂಕದಲ್ಲಿ ನೂರಕ್ಕೆ 92 ಪಾಲು ನೀರೇ, ಆದ್ದರಿಂದ ಈ 72 ಮಿಲಿಗ್ರಾಂ ಕರಗಿ ಕುಳಿತಿರುವುದು ಎಲೆಯೊಳಗಿನ ಸುಮಾರು 184 ಗ್ರಾಂ ನೀರಿನಲ್ಲಿ. ಹಸಿಯಾಗಿರುವಾಗ ಜೀವಕೋಶದ ಪೊರೆಗಳು ಅದನ್ನು ಒಳಗೇ ತಡೆದು ನಿಲ್ಲಿಸಿರುತ್ತವೆ. ಸುಮಾರು 60 ಡಿಗ್ರಿ ದಾಟುವ ಹೊತ್ತಿಗೆ ಆ ಪೊರೆಗಳು ಕೆಲಸ ಮಾಡುವುದನ್ನು ನಿಲ್ಲಿಸುತ್ತವೆ. ಅಲ್ಲಿಂದ ಮುಂದೆ ಒಳಗಿನ ನೀರಿಗೂ ಹೊರಗಿನ ನೀರಿಗೂ ನಡುವೆ ಬಾಗಿಲು ತೆರೆದಿಟ್ಟಂತೆಯೇ.

ಈಗ ಇದನ್ನು ಒಂದು ಲೀಟರ್ ನೀರಿನಲ್ಲಿ ಹಾಕಿ, ಜೀವಸತ್ವ ಒಳಗೂ ಹೊರಗೂ ಸಮನಾಗಿ ಹರಡಿಕೊಳ್ಳುವಷ್ಟು ಹೊತ್ತು ಬಿಟ್ಟರೆ ಏನಾಗುತ್ತದೆ? ಒಳಗಿನ ನೀರು 184 ಪಾಲು, ಒಟ್ಟು ನೀರು 1184 ಪಾಲು. ಎಲೆಯೊಳಗೆ ಉಳಿಯುವುದು ನೂರಕ್ಕೆ ಹದಿನೈದು, ಹದಿನಾರು ಮಾತ್ರ. ಅದೇ ಎಲೆಕೋಸನ್ನು ನೂರು ಮಿಲಿಲೀಟರ್ ನೀರಿನಲ್ಲಿ ಬೇಯಿಸಿದರೆ, 284ರಲ್ಲಿ 184 ಪಾಲು, ಅಂದರೆ ನೂರಕ್ಕೆ ಸುಮಾರು 65 ಒಳಗೇ ಇರುತ್ತದೆ. ಶಾಖದಿಂದ ಒಂದಿಷ್ಟೂ ಕೆಡಲಿಲ್ಲ ಎಂದು ಇಟ್ಟುಕೊಂಡು ಮಾಡಿದ ಲೆಕ್ಕ ಇದು. ನಿಜವಾದ ಅಡುಗೆಯಲ್ಲಿ ಹೀಗೆ ಪೂರ್ತಿ ಸಮನಾಗುವಷ್ಟು ಹೊತ್ತು ನಾವು ಬೇಯಿಸುವುದಿಲ್ಲ, ಆದ್ದರಿಂದ ಲೀಟರ್ ನೀರಿನಲ್ಲಿ ಹತ್ತು ನಿಮಿಷ ಬೆಂದ ಎಲೆಕೋಸು ಇಷ್ಟೊಂದು ಕಳೆದುಕೊಳ್ಳುವುದಿಲ್ಲ. ಆದರೂ ನಷ್ಟ ಯಾವ ಕಡೆಗೆ, ಎಷ್ಟರ ಮಟ್ಟಿಗೆ ಎಳೆಯುತ್ತದೆ ಎಂಬುದನ್ನು ಈ ಲೆಕ್ಕ ಸ್ಪಷ್ಟವಾಗಿ ತೋರಿಸುತ್ತದೆ. ಹೋಳು ಸಣ್ಣದಾದಷ್ಟೂ, ಹೊತ್ತು ಹೆಚ್ಚಾದಷ್ಟೂ, ನೀರು ಹೆಚ್ಚಾದಷ್ಟೂ ನಾವು ಆ ಹದಿನೈದರ ಕಡೆಗೆ ಸರಿಯುತ್ತೇವೆ.

ಇದನ್ನು ಕಣ್ಣಿಗೆ ಕಾಣಿಸಬಹುದು. ಈ ಮೇಜಿನ ಮೇಲೆ ಮೂರು ಗಾಜಿನ ಲೋಟಗಳಿವೆ. ಮೂರರಲ್ಲೂ ತೆಳುವಾದ ಗಂಜಿನೀರು, ಅಂದರೆ ಪಿಷ್ಟ ಕರಗಿಸಿದ ನೀರು, ಅರ್ಧದಷ್ಟಿದೆ. ಒಂದೊಂದಕ್ಕೂ ಗಾಯಕ್ಕೆ ಹಚ್ಚುವ ಟಿಂಚರ್ ಅಯೋಡಿನ್ನಿನ ಒಂದು ಹನಿ ಬಿಟ್ಟಿದ್ದೇನೆ. ಪಿಷ್ಟವೂ ಅಯೋಡಿನ್ನೂ ಸೇರಿ ಕಡುನೀಲಿ ಬಣ್ಣ ಬಂದಿದೆ. ಸಿ ಜೀವಸತ್ವ ಅಯೋಡಿನ್ನನ್ನು ಬಣ್ಣವಿಲ್ಲದ ಅಯೋಡೈಡ್ ಆಗಿ ಬದಲಿಸುತ್ತದೆ, ಆದ್ದರಿಂದ ಅದು ಸಾಕಷ್ಟು ಬಿದ್ದರೆ ನೀಲಿ ಮಾಯವಾಗಬೇಕು. ಮೊದಲ ಲೋಟಕ್ಕೆ ಬರಿಯ ಕುದಿಸಿ ಆರಿಸಿದ ನೀರನ್ನು ಚಮಚ ಚಮಚವಾಗಿ ಹಾಕುತ್ತೇನೆ. ನೋಡಿ, ಬಣ್ಣ ಸ್ವಲ್ಪ ತೆಳುವಾಗುತ್ತದೆಯೇ ಹೊರತು ಹೋಗುವುದಿಲ್ಲ. ಎರಡನೆಯದಕ್ಕೆ, ಲೀಟರ್ ನೀರಿನಲ್ಲಿ ಎಲೆಕೋಸು ಬೇಯಿಸಿ ಬಸಿದ ನೀರು: ನಾಲ್ಕೈದು ಚಮಚ ಬೀಳುವಷ್ಟರಲ್ಲಿ ನೀಲಿ ಪೂರ್ತಿ ಹೋಯಿತು. ಮೂರನೆಯದಕ್ಕೆ, ಅಷ್ಟೇ ಎಲೆಕೋಸನ್ನು ಹಬೆಯಲ್ಲಿ ಬೇಯಿಸಿದಾಗ ಅಡಿಯ ಪಾತ್ರೆಯಲ್ಲಿ ಉಳಿದ ನೀರು: ಅಷ್ಟೇ ಚಮಚ ಹಾಕಿದರೂ ನೀಲಿ ಹಾಗೆಯೇ ನಿಂತಿದೆ.

ಇದನ್ನು ಮನೆಯಲ್ಲಿ ಮಾಡುವವರು ಎರಡು ವಿಷಯ ಗಮನದಲ್ಲಿಡಬೇಕು. ಬಸಿದ ನೀರು ಪೂರ್ತಿ ಆರಿರಬೇಕು, ಏಕೆಂದರೆ ಪಿಷ್ಟ ಮತ್ತು ಅಯೋಡಿನ್ ಸೇರಿ ಬರುವ ನೀಲಿ ಬರಿಯ ಬಿಸಿಗೂ ಮಾಯವಾಗುತ್ತದೆ. ಬಿಸಿ ನೀರು ಸುರಿದು ಜೀವಸತ್ವ ಸಿಕ್ಕಿತು ಎಂದು ತಿಳಿದರೆ ಅದು ತಪ್ಪು ಲೆಕ್ಕ. ಇನ್ನೊಂದು, ಎಲೆಕೋಸಿನ ಜಾತಿಯ ತರಕಾರಿಗಳಲ್ಲಿರುವ ಗಂಧಕದ ಸಂಯುಕ್ತಗಳೂ ಒಂದಿಷ್ಟು ಅಯೋಡಿನ್ನನ್ನು ತಿನ್ನುತ್ತವೆ. ಆದ್ದರಿಂದ ಈ ಪ್ರಯೋಗ ಹೋಲಿಸಿ ನೋಡಲು ಚೆನ್ನ, ಮಿಲಿಗ್ರಾಂ ಹೇಳಲು ಸಾಲದು. ಪ್ರಯೋಗಾಲಯಗಳಲ್ಲಿ ಬಹಳ ಕಾಲದಿಂದ ಬಳಸುವ ವಿಧಾನದಲ್ಲಿ ಇಂಡೋಫಿನಾಲ್ ಎಂಬ ನೀಲಿ ಬಣ್ಣದ್ರವವನ್ನು ಆಮ್ಲದಲ್ಲಿ ಅರೆದ ತರಕಾರಿಯ ರಸಕ್ಕೆ ಹನಿ ಹನಿಯಾಗಿ ಬಿಡುತ್ತಾರೆ. ತಿಳಿಗುಲಾಬಿ ಬಣ್ಣ ಹದಿನೈದು ಸೆಕೆಂಡು ನಿಂತರೆ ಅಲ್ಲಿಗೆ ಲೆಕ್ಕ ಮುಗಿಯಿತು. ಅದಕ್ಕೂ ಒಂದು ಮಿತಿ ಇದೆ. ಸಿ ಜೀವಸತ್ವ ಗಾಳಿ ತಾಗಿ ಕೆಡುವಾಗ ಮೊದಲು ಡಿಹೈಡ್ರೊಆಸ್ಕಾರ್ಬಿಕ್ ಆಮ್ಲವಾಗುತ್ತದೆ. ಈ ಹಂತದಲ್ಲಿ ಅದು ನಮ್ಮ ದೇಹಕ್ಕೆ ಇನ್ನೂ ಜೀವಸತ್ವವೇ, ಆದರೆ ಆ ಬಣ್ಣದ್ರವಕ್ಕೆ ಅದು ಕಾಣುವುದಿಲ್ಲ. ಹೀಗಾಗಿ ಹಳೆಯ ಕೋಷ್ಟಕಗಳ ನಷ್ಟದ ಅಂಕಿಗಳಲ್ಲಿ ಕೆಲವು ನಿಜಕ್ಕಿಂತ ಹೆಚ್ಚಾಗಿ ಕಾಣುವ ಸಾಧ್ಯತೆ ಇದೆ.

ಫೋಲೇಟಿನ ವಿಷಯದಲ್ಲಿ ಈ ನೀರಿನ ಲೆಕ್ಕವನ್ನು ಬಹಳ ಅಚ್ಚುಕಟ್ಟಾಗಿ ತೋರಿಸಿದ ಒಂದು ಅಧ್ಯಯನ 2002ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ನ್ಯೂಟ್ರಿಷನ್‌ನಲ್ಲಿ ಪ್ರಕಟವಾಯಿತು. ಸಾಮಾನ್ಯವಾಗಿ ಬೇಯಿಸುವಷ್ಟು ಹೊತ್ತು ನೀರಿನಲ್ಲಿ ಕುದಿಸಿದ ಪಾಲಕ್ ಸೊಪ್ಪಿನಲ್ಲಿ ಫೋಲೇಟ್ ನೂರಕ್ಕೆ 49ರಷ್ಟು ಮಾತ್ರ ಉಳಿದಿತ್ತು, ಬ್ರೊಕೊಲಿಯಲ್ಲಿ 44ರಷ್ಟು. ಅದೇ ಪಾಲಕನ್ನು ನಾಲ್ಕೂವರೆ ನಿಮಿಷ, ಬ್ರೊಕೊಲಿಯನ್ನು ಹದಿನೈದು ನಿಮಿಷ ಹಬೆಯಲ್ಲಿ ಬೇಯಿಸಿದಾಗ ಗಣನೆಗೆ ಬರುವಂಥ ಇಳಿಕೆಯೇ ಕಾಣಲಿಲ್ಲ. ಕುದಿಯುವ ನೀರೂ ಹಬೆಯೂ ಎರಡೂ 100 ಡಿಗ್ರಿಯವೇ ಆಗಿರುವಾಗ, ಹದಿನೈದು ನಿಮಿಷದ ಹಬೆಗೆ ಜಗ್ಗದ ಫೋಲೇಟನ್ನು ಕುದಿಯುವ ನೀರು ಅರ್ಧಕ್ಕಿಂತ ಹೆಚ್ಚು ಕಳೆದದ್ದು ಶಾಖದಿಂದಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ. ಆ ಅಧ್ಯಯನದಲ್ಲಿ ನನಗೆ ಇನ್ನೂ ಹೆಚ್ಚು ಇಷ್ಟವಾಗುವ ಭಾಗ ಆಲೂಗಡ್ಡೆಯದು. ಇಡೀ ಆಲೂಗಡ್ಡೆಯನ್ನು ಒಂದು ಗಂಟೆ ನೀರಿನಲ್ಲಿ ಕುದಿಸಿದರೂ ಫೋಲೇಟ್ ಗಣನೀಯವಾಗಿ ಇಳಿಯಲಿಲ್ಲ. ಸೊಪ್ಪಿನ ಎಲೆ ಎರಡೂ ಮೈಯಲ್ಲಿ ನೀರಿಗೆ ತೆರೆದುಕೊಂಡಿರುತ್ತದೆ. ಇಡೀ ಗೆಡ್ಡೆಯ ನಡುವಿನಿಂದ ನೀರಿಗೆ ಬರಲು ಜೀವಸತ್ವ ಒಂದೆರಡು ಅಂಗುಲ ದಾರಿ ಸವೆಸಬೇಕು. ಯಾವ ತರಕಾರಿಗೆ ಯಾವ ವಿಧಾನ ಎಂದು ಕೇಳುವಾಗ ಅದರ ಹೆಸರಿಗಿಂತ ಆಕಾರವೇ ಹೆಚ್ಚು ಹೇಳುತ್ತದೆ.

ಹೀಗಿರುವಾಗ ಹಬೆಯೇ ಉತ್ತಮ ಎಂದು ಹೇಳಿ ಮುಗಿಸಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ಸಾಮಾನ್ಯವಾಗಿ ಹೌದು, ಆದರೆ ಹಬೆಯನ್ನು ಕೆಡಿಸಿಕೊಳ್ಳುವ ದಾರಿಗಳೂ ಇವೆ. ಎಲೆಕೋಸು, ಸೌತೆ, ಕುಂಬಳದಂಥ ತರಕಾರಿಗಳಲ್ಲಿ ಸಿ ಜೀವಸತ್ವವನ್ನು ಗಾಳಿಯ ಆಮ್ಲಜನಕದೊಡನೆ ಸೇರಿಸಿ ಕೆಡಿಸುವ ಒಂದು ಕಿಣ್ವವಿದೆ. ಹಸಿ ತರಕಾರಿಯ ಕೋಶದಲ್ಲಿ ಅದು ಜೀವಸತ್ವದಿಂದ ದೂರ ಇರುತ್ತದೆ. ಹೆಚ್ಚಿದಾಗ, ಜಜ್ಜಿದಾಗ, ಪೊರೆ ಹರಿದಾಗ ಎರಡೂ ಬೆರೆಯುತ್ತವೆ. ಈ ಕಿಣ್ವ ಹದವಾದ ಬಿಸಿಯಲ್ಲಿ ಇನ್ನೂ ಚುರುಕಾಗುತ್ತದೆ, ಬಿಸಿ ಮತ್ತೂ ಏರಿದರೆ ಸಾಯುತ್ತದೆ. ಅಂದರೆ ತರಕಾರಿ 40ರಿಂದ 60 ಡಿಗ್ರಿಯವರೆಗಿನ ಹಾದಿಯನ್ನು ಬೇಗ ದಾಟಬೇಕು. ತಣ್ಣೀರಿಟ್ಟ ಪಾತ್ರೆಯ ಮೇಲೆ ತಟ್ಟೆ ತುಂಬ ತರಕಾರಿ ಹೇರಿ ಒಲೆ ಹಚ್ಚಿದರೆ, ಅಡಿಯ ಪದರ ಬೇಯುವ ಹೊತ್ತಿಗೆ ನಡುವಿನ ಪದರ ಇನ್ನೂ ಆ ಬೆಚ್ಚನೆಯ ಹಾದಿಯಲ್ಲೇ ಇರುತ್ತದೆ. ನೀರು ಕುದಿದು ಹಬೆ ಮುಚ್ಚಳದ ಅಂಚಿನಿಂದ ಜೋರಾಗಿ ಹೊರಬರುವಾಗ ತರಕಾರಿ ಇಡಬೇಕು, ಒಂದೇ ಪದರವಾಗಿ ಅಥವಾ ನಡುವೆ ಹಬೆ ಆಡುವಷ್ಟು ಸಡಿಲವಾಗಿ ಹರಡಬೇಕು, ಬೆಂದಿದೆಯೇ ಎಂದು ನೋಡಲು ಪದೇ ಪದೇ ಮುಚ್ಚಳ ತೆಗೆಯಬಾರದು. ಅಂಚಿನ ಹೋಳು ಮೆತ್ತಗಾಗಿ ನಡುವಿನದು ಗಟ್ಟಿಯಾಗಿದ್ದರೆ, ಹಸಿರು ಬೀನ್ಸಿನ ಬಣ್ಣ ಕೆಲವು ಕಡೆ ಎದ್ದು ಕೆಲವು ಕಡೆ ಕಂದಿದ್ದರೆ, ಪಾತ್ರೆಯಲ್ಲಿ ತರಕಾರಿ ಹೆಚ್ಚಾಗಿತ್ತು ಎಂದೇ ಅರ್ಥ.

ಈಗ ಪ್ರೆಷರ್ ಕುಕ್ಕರಿಗೆ ಬರುತ್ತೇನೆ. ಅದರ ಮೇಲೆ ಇರುವಷ್ಟು ಅಪವಾದ ಬೇರೆ ಯಾವ ಪಾತ್ರೆಯ ಮೇಲೂ ಇಲ್ಲ. ಕುಕ್ಕರಿನ ಮೂಲ ಹಳೆಯದು. ದೆನಿ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ 1679ರಲ್ಲಿ ಮೂಳೆಯನ್ನೂ ಮೆತ್ತಗಾಗಿಸುವಂತೆ ಮಾಡಿದ ಮುಚ್ಚಿದ ಪಾತ್ರೆ ಅದು. ಇವತ್ತಿನ ಕುಕ್ಕರಿನೊಳಗೆ ಒತ್ತಡ ಹೊರಗಿನ ಗಾಳಿಯ ಒತ್ತಡದ ಸುಮಾರು ಎರಡರಷ್ಟಾಗುತ್ತದೆ, ಆಗ ನೀರು ಕುದಿಯುವುದು 100ರಲ್ಲಲ್ಲ, ಸುಮಾರು 120 ಡಿಗ್ರಿಯಲ್ಲಿ. ಬಿಸಿ ಹೆಚ್ಚಾದರೆ ನಾಶವೂ ಹೆಚ್ಚು ಎಂಬ ವಾದ ಇಲ್ಲಿಂದಲೇ ಹುಟ್ಟುತ್ತದೆ. ವಾದದ ಮೊದಲರ್ಧ ನಿಜ. ಇಪ್ಪತ್ತು ಡಿಗ್ರಿ ಏರಿದಾಗ ಜೀವಸತ್ವ ಒಡೆಯುವ ವೇಗ ಸ್ಥೂಲವಾಗಿ ನಾಲ್ಕು ಪಟ್ಟಾಗುತ್ತದೆ ಎಂದು ಲೆಕ್ಕಕ್ಕಾಗಿ ಹಿಡಿಯೋಣ. ಆದರೆ ಅದೇ ಇಪ್ಪತ್ತು ಡಿಗ್ರಿ ತರಕಾರಿ ಮೆತ್ತಗಾಗುವ ವೇಗವನ್ನೂ ಹೆಚ್ಚುಕಡಿಮೆ ಅಷ್ಟೇ ಏರಿಸುತ್ತದೆ. ತೆರೆದ ಪಾತ್ರೆಯಲ್ಲಿ ಹದಿನೈದು, ಹದಿನಾರು ನಿಮಿಷ ಬೇಕಾಗುವ ಆಲೂಗಡ್ಡೆಯ ಹೋಳಿಗೆ ಕುಕ್ಕರಿನಲ್ಲಿ ನಾಲ್ಕು ನಿಮಿಷ ಸಾಕು. ನಾಲ್ಕು ಪಟ್ಟು ವೇಗ, ನಾಲ್ಕನೇ ಒಂದು ಹೊತ್ತು: ಶಾಖದ ಲೆಕ್ಕದಲ್ಲಿ ಎರಡೂ ಸಮಸಮವಾಗಿ ನಿಲ್ಲುತ್ತವೆ. ಉಳಿದ ವ್ಯತ್ಯಾಸವೆಲ್ಲ ನೀರಿನದು ಮತ್ತು ಗಾಳಿಯದು, ಅಲ್ಲಿ ಕುಕ್ಕರಿಗೆ ಅನುಕೂಲವೇ ಇದೆ. ಮುಚ್ಚಿದ ಪಾತ್ರೆಯಾದ್ದರಿಂದ ನೀರು ಆವಿಯಾಗಿ ಬತ್ತುವ ಭಯ ಕಡಿಮೆ, ಆದ್ದರಿಂದ ಕಡಿಮೆ ನೀರು ಸಾಕು. ಮೊದಲು ಹಬೆ ನಳಿಕೆಯಿಂದ ಬಲವಾಗಿ ಹೊರಬಂದ ಮೇಲೆ ವೆಯ್ಟ್ ಹಾಕಿದರೆ ಒಳಗಿನ ಗಾಳಿ ಹಬೆಯ ಜೊತೆ ಹೊರಹೋಗಿರುತ್ತದೆ, ಜೀವಸತ್ವವನ್ನು ಕೆಡಿಸುವ ಆಮ್ಲಜನಕವೂ ಹೋಗಿರುತ್ತದೆ. ಗಾಳಿ ಒಳಗೇ ಉಳಿದರೆ ಇನ್ನೊಂದು ತೊಂದರೆಯೂ ಇದೆ: ಒತ್ತಡ ಅಷ್ಟೇ ಇದ್ದರೂ ಬಿಸಿ 120 ಡಿಗ್ರಿ ಮುಟ್ಟುವುದಿಲ್ಲ, ಬೇಯಲು ಹೊತ್ತು ಹೆಚ್ಚು ಹಿಡಿಯುತ್ತದೆ.

ಹಾಗಿದ್ದರೂ ಕುಕ್ಕರಿನಲ್ಲಿ ಬೆಂದ ತರಕಾರಿ ಬಹಳ ಸಲ ಬಣ್ಣಗೆಟ್ಟು, ಮುದ್ದೆಯಾಗಿ, ಸಿ ಜೀವಸತ್ವ ಕಳೆದುಕೊಂಡು ಹೊರಬರುತ್ತದೆ, ಇದೂ ನಿಜ. ತಪ್ಪು ಎಲ್ಲಿದೆ ಎಂದು ಹುಡುಕಿದರೆ ಅದು ಸಾಮಾನ್ಯವಾಗಿ ಒಲೆ ಆರಿಸಿದ ಮೇಲೆ ಸಿಗುತ್ತದೆ. ನಾಲ್ಕು ನಿಮಿಷ ಬೇಯಿಸಿ ಒಲೆ ಆರಿಸಿ, ಒತ್ತಡ ತಾನಾಗಿ ಇಳಿಯಲಿ ಎಂದು ಬಿಟ್ಟರೆ, ತುಂಬಿದ ಕುಕ್ಕರು 100 ಡಿಗ್ರಿಗೆ ಇಳಿಯಲು ಹತ್ತು ನಿಮಿಷ ಅಥವಾ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ. ಆ ಹತ್ತು ನಿಮಿಷವೂ ತರಕಾರಿ ಕುದಿಯುವ ನೀರಿಗಿಂತ ಹೆಚ್ಚು ಬಿಸಿಯಲ್ಲಿ ಬೇಯುತ್ತಲೇ ಇರುತ್ತದೆ. ನಾವು ನಾಲ್ಕು ಎಂದು ಎಣಿಸಿದ್ದು ನಿಜವಾಗಿ ಹದಿನಾಲ್ಕು. ಮೊದಲೇ ಒತ್ತಡ ಏರಲು ಹಿಡಿದ ಹೊತ್ತನ್ನು ಇದರಲ್ಲಿ ಸೇರಿಸಿಲ್ಲ. ಇಡೀ ಗೆಡ್ಡೆಗೆ ಇದು ಅಷ್ಟು ದೊಡ್ಡ ಹೊಡೆತವಲ್ಲ. ಬೀನ್ಸ್, ಹೂಕೋಸು, ಸೊಪ್ಪು ಇದನ್ನು ತಡೆಯಲಾರವು. ಇಂಥ ತರಕಾರಿಗೆ ಕುಕ್ಕರ್ ಬಳಸುವುದಾದರೆ ಒಲೆ ಆರಿಸಿದ ಕೂಡಲೆ ಒತ್ತಡ ಇಳಿಸಬೇಕು. ಯಾವ ರೀತಿಯಲ್ಲಿ ಇಳಿಸಬಹುದು ಎಂಬುದನ್ನು ಆಯಾ ಕುಕ್ಕರಿನ ಕೈಪಿಡಿ ಹೇಳುತ್ತದೆ, ಅದನ್ನು ಮೀರಬಾರದು. ಕೂಗುವ ಕುಕ್ಕರಿನಲ್ಲಿ ಕೂಗನ್ನು ಎಣಿಸಿ ಹೊತ್ತು ಅಳೆಯುವುದೂ ಅಷ್ಟು ನಂಬಿಕೆಯದಲ್ಲ. ಉರಿ ದೊಡ್ಡದಿದ್ದರೆ ಕೂಗು ಬೇಗ ಬೇಗ ಬರುತ್ತದೆ, ಸಣ್ಣದಿದ್ದರೆ ನಿಧಾನ. ಮೂರು ಕೂಗು ಒಂದು ದಿನ ನಾಲ್ಕು ನಿಮಿಷ, ಇನ್ನೊಂದು ದಿನ ಒಂಬತ್ತು ನಿಮಿಷ ಆಗಬಹುದು. ಒತ್ತಡ ಬಂದ ಮೇಲೆ ಉರಿ ಸಣ್ಣಗೆ ಮಾಡಿ ಗಡಿಯಾರ ನೋಡುವುದೇ ಸರಿ.

ಕುಕ್ಕರಿನಲ್ಲಿ ಇನ್ನೊಂದು ದಾರಿ ಇದೆ, ನನ್ನ ದೃಷ್ಟಿಯಲ್ಲಿ ಅದೇ ಅದರ ಅತ್ಯುತ್ತಮ ಬಳಕೆ. ತಯಾರಕರು ಹೇಳಿದ ಕನಿಷ್ಠ ನೀರನ್ನು ತಳಕ್ಕೆ ಹಾಕಿ, ಅದರ ಮೇಲೆ ಜಾಲರಿ ಇಟ್ಟು, ತರಕಾರಿ ನೀರಿಗೆ ತಾಗದಂತೆ ಮೇಲೆ ಇಡುವುದು. ಇದು ಒತ್ತಡದ ಹಬೆ. ನೀರಿಗೆ ಇಳಿಯುವ ನಷ್ಟವಿಲ್ಲ, ಹೊತ್ತು ಕಡಿಮೆ, ಗಾಳಿಯೂ ಇಲ್ಲ. ಜಾಲರಿ ಇಲ್ಲದೆ ನೀರಿನಲ್ಲೇ ಬೇಯಿಸಿದರೂ ಆ ನೀರನ್ನು ಅದೇ ಅಡುಗೆಯಲ್ಲಿ ಸೇರಿಸಿಕೊಂಡರೆ, ಇಳಿದ ಜೀವಸತ್ವ ಊಟಕ್ಕೆ ಮರಳುತ್ತದೆ. ನೂರು ಮಿಲಿಲೀಟರನ್ನು ಸಾರಿಗೋ ಗೊಜ್ಜಿಗೋ ಸೇರಿಸುವುದು ಸುಲಭ. ಒಂದು ಲೀಟರನ್ನು ಯಾರೂ ಸೇರಿಸುವುದಿಲ್ಲ, ಮೋರಿಗೆ ಚೆಲ್ಲುತ್ತಾರೆ.

ಕರಿಯುವ ವಿಷಯದಲ್ಲಿ ಕೋಷ್ಟಕಗಳನ್ನು ಓದುವುದರಲ್ಲೇ ಒಂದು ದೊಡ್ಡ ಮೋಸವಿದೆ. ಅದನ್ನು ಬಿಡಿಸಿ ತೋರಿಸದೆ ಮುಂದೆ ಹೋಗಲಾರೆ. ಅರ್ಧ ಕಿಲೋ ಹಸಿ ಆಲೂಗಡ್ಡೆಯನ್ನು ತೆಗೆದುಕೊಳ್ಳೋಣ. ನೂರು ಗ್ರಾಮಿಗೆ 20 ಮಿಲಿಗ್ರಾಮಿನಂತೆ ಅದರಲ್ಲಿ ಒಟ್ಟು 100 ಮಿಲಿಗ್ರಾಂ ಸಿ ಜೀವಸತ್ವ ಇದೆ. ಬೆರಳುಗಾತ್ರದ ಹೋಳು ಮಾಡಿ ಕರಿದಾಗ ನೀರು ಹೋಗಿ, ಸ್ವಲ್ಪ ಎಣ್ಣೆ ಸೇರಿ, ತೂಕ 250 ಗ್ರಾಮಿಗೆ ಇಳಿಯಿತು ಎನ್ನಿ. ಅದನ್ನು ಪರೀಕ್ಷಿಸಿದಾಗ ನೂರು ಗ್ರಾಮಿಗೆ 26 ಮಿಲಿಗ್ರಾಂ ಸಿಕ್ಕಿತು. ಹಸಿಯಲ್ಲಿ 20, ಕರಿದದ್ದರಲ್ಲಿ 26. ಕರಿದರೆ ಜೀವಸತ್ವ ಹೆಚ್ಚಾಯಿತೇ? ಇಲ್ಲ. 250 ಗ್ರಾಮಿನಲ್ಲಿರುವುದು ಒಟ್ಟು 65 ಮಿಲಿಗ್ರಾಂ, ಅಂದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೋಗಿದೆ. ಅದೇ ಆಲೂಗಡ್ಡೆಯನ್ನು ಕಾಗದದಷ್ಟು ತೆಳುವಾಗಿ ಹೆಚ್ಚಿ ಗರಿಗರಿ ಚಿಪ್ಸ್ ಮಾಡಿದರೆ ಅರ್ಧ ಕಿಲೋದಿಂದ ಸುಮಾರು 165 ಗ್ರಾಂ ಸಿಗುತ್ತದೆ. ಅದರಲ್ಲಿ ನೂರು ಗ್ರಾಮಿಗೆ 20 ಮಿಲಿಗ್ರಾಂ ಎಂದು ಬರೆದಿದ್ದರೆ, ಹಸಿ ಆಲೂಗಡ್ಡೆಯಷ್ಟೇ ಇದೆಯಲ್ಲ ಎಂದು ಓದಿದವರಿಗೆ ಅನ್ನಿಸುತ್ತದೆ. ಒಟ್ಟು ಮಾಡಿ ನೋಡಿ: 33 ಮಿಲಿಗ್ರಾಂ. ಮೂರರಲ್ಲಿ ಎರಡು ಪಾಲು ಹೋಗಿದೆ. ಇವು ಲೆಕ್ಕ ತೋರಿಸಲು ನಾನು ಆರಿಸಿಕೊಂಡ ಅಂಕಿಗಳು, ಆದರೆ ಲೆಕ್ಕದ ಕ್ರಮ ಎಲ್ಲೆಡೆಗೂ ಒಂದೇ. ಬೇಯಿಸುವ ಮೊದಲಿನ ತೂಕ, ಬೇಯಿಸಿದ ಮೇಲಿನ ತೂಕ ಎರಡನ್ನೂ ಹೇಳದೆ ನೂರು ಗ್ರಾಮಿನ ಅಂಕಿಯನ್ನಷ್ಟೇ ಕೊಟ್ಟು, ಇಷ್ಟು ಉಳಿಯಿತು ಎಂದು ಯಾರಾದರೂ ಹೇಳಿದರೆ ಅದನ್ನು ಒಪ್ಪಬೇಡಿ.

ದಪ್ಪ ಹೋಳಿಗೂ ತೆಳು ಹೋಳಿಗೂ ಇಷ್ಟು ವ್ಯತ್ಯಾಸ ಏಕೆ ಬರುತ್ತದೆ? ಎಣ್ಣೆ 170, 180 ಡಿಗ್ರಿ ಇದ್ದರೂ ಹೋಳಿನ ಒಳಗೆ ನೀರು ಇರುವವರೆಗೆ ಅಲ್ಲಿನ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಏಕೆಂದರೆ ಬಂದ ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ಬಾಣಲೆಯಲ್ಲಿ ನೀವು ನೋಡುವ ಗುಳ್ಳೆಗಳು ಹೀಗೆ ಹೊರಬರುತ್ತಿರುವ ಆವಿ. ಗುಳ್ಳೆ ಜೋರಾಗಿರುವವರೆಗೆ ಒಳಭಾಗ ಹಬೆಯಲ್ಲಿ ಬೇಯುತ್ತಿದೆ ಎಂದೇ ತಿಳಿಯಬಹುದು. ಗುಳ್ಳೆ ಸಣ್ಣದಾಗುತ್ತಾ ನಿಂತಿತೆಂದರೆ ನೀರು ಮುಗಿಯಿತು. ಆಮೇಲೆ ಹೋಳಿನ ಬಿಸಿ ಎಣ್ಣೆಯ ಬಿಸಿಯ ಕಡೆಗೆ ಏರುತ್ತದೆ, ಉಳಿದ ಸಿ ಜೀವಸತ್ವ ಬೇಗ ಒಡೆಯುತ್ತದೆ. ದಪ್ಪ ಹೋಳಿನಲ್ಲಿ ಈ ಒಣಗಿದ ಭಾಗ ಹೊರಗಿನ ತೆಳುವಾದ ಕವಚ ಮಾತ್ರ. ಚಿಪ್ಸಿನಲ್ಲಿ ಕವಚ ಬಿಟ್ಟರೆ ಬೇರೇನೂ ಇಲ್ಲ. ಹೋಳನ್ನು ಗರಿಗರಿಯಾಗಲಿ ಎಂದು ಕರಿಯುವ ಮೊದಲು ಬಹಳ ಹೊತ್ತು ನೀರಿನಲ್ಲಿ ನೆನೆಸಿಡುವುದೂ ಉಂಟು. ಕೊಯ್ದ ಮೈಯ ಕೋಶಗಳೆಲ್ಲ ಹರಿದಿರುವುದರಿಂದ ಬಿಸಿ ತಾಗುವ ಮೊದಲೇ ಅಲ್ಲೊಂದಿಷ್ಟು ನೀರಿನ ಪಾಲಾಗುತ್ತದೆ.

ಕ್ಯಾರೆಟ್ಟಿಗೆ ಬಂದರೆ ಲೆಕ್ಕ ಬೇರೆಯಾಗುತ್ತದೆ ಎಂದು ಮೊದಲೇ ಹೇಳಿದೆ. ನಮ್ಮ ದೇಹ ಎ ಜೀವಸತ್ವವಾಗಿ ಬದಲಿಸಿಕೊಳ್ಳುವ ಬೀಟಾ ಕ್ಯಾರೊಟಿನ್ ನೀರಿನಲ್ಲಿ ಕರಗುವುದಿಲ್ಲ, ಆದ್ದರಿಂದ ಎಷ್ಟು ನೀರು ಸುರಿದರೂ ಅದು ತೊಳೆದು ಹೋಗುವುದಿಲ್ಲ. ಹಸಿ ಕ್ಯಾರೆಟ್ಟಿನಲ್ಲಿ ಅದು ಗಟ್ಟಿಯಾದ ಕೋಶಭಿತ್ತಿಯ ಹಿಂದೆ ಹರಳಿನ ರೂಪದಲ್ಲಿ ಸೆರೆಯಾಗಿರುತ್ತದೆ. ಹಸಿಯಾಗಿ ತಿಂದರೆ ಅದರಲ್ಲಿ ಅಲ್ಪ ಭಾಗ ಮಾತ್ರ ದೇಹಕ್ಕೆ ಸಿಗುತ್ತದೆ. ಬೇಯಿಸಿದಾಗ ಭಿತ್ತಿ ಸಡಿಲವಾಗುತ್ತದೆ, ಜೊತೆಗೆ ಸ್ವಲ್ಪ ಜಿಡ್ಡಿದ್ದರೆ ಅದು ಅದರಲ್ಲಿ ಕರಗಿ ಕರುಳಿಗೆ ಸೇರುತ್ತದೆ. ಇದನ್ನು ಕೇಳಿದವರು ಹಾಗಾದರೆ ಕ್ಯಾರೆಟ್ಟನ್ನು ಎಣ್ಣೆಯಲ್ಲಿ ಕರಿಯುವುದೇ ಒಳ್ಳೆಯದಲ್ಲವೇ ಎಂದು ಕೇಳುತ್ತಾರೆ. ಕರಿದಾಗ ಎಣ್ಣೆ ಒಂದು ಕಡೆ ಕೊಡುತ್ತದೆ, ಇನ್ನೊಂದು ಕಡೆ ಕಿತ್ತುಕೊಳ್ಳುತ್ತದೆ. ಕ್ಯಾರೊಟಿನ್ ಬಾಣಲೆಯ ಎಣ್ಣೆಗೂ ಇಳಿಯುತ್ತದೆ, ಕ್ಯಾರೆಟ್ ಕರಿದ ಎಣ್ಣೆಗೆ ಕಿತ್ತಳೆ ಛಾಯೆ ಬರುವುದು ಅದರಿಂದಲೇ. ಬಿಸಿ ಎಣ್ಣೆಯಲ್ಲಿ ಗಾಳಿ ತಾಗಿ ಕೆಡುತ್ತದೆ ಕೂಡ. ಇಟಲಿಯ ಪಾರ್ಮಾ ವಿಶ್ವವಿದ್ಯಾಲಯದವರು 2008ರಲ್ಲಿ ಕ್ಯಾರೆಟ್, ಬ್ರೊಕೊಲಿ ಮತ್ತು ಕೊರ್ಜೆಟ್ ಎಂಬ ಹಸಿರು ಕುಂಬಳವನ್ನು ಕುದಿಸಿ, ಹಬೆಯಲ್ಲಿಟ್ಟು, ಕರಿದು ಹೋಲಿಸಿದಾಗ ಕ್ಯಾರೊಟಿನ್ ಗುಂಪಿನ ಪದಾರ್ಥಗಳು ಕುದಿಸಿದ ತರಕಾರಿಯಲ್ಲಿ ಚೆನ್ನಾಗಿ ಉಳಿದಿದ್ದವು, ಕರಿದದ್ದರಲ್ಲಿ ಕಡಿಮೆಯಾಗಿದ್ದವು. ಸಿ ಜೀವಸತ್ವಕ್ಕೆ ಕೆಟ್ಟದಾಗಿದ್ದ ಕುದಿಯುವ ನೀರು ಕ್ಯಾರೊಟಿನ್ನಿಗೆ ಸುರಕ್ಷಿತ ಜಾಗವಾಯಿತು. ಹಬೆಯಲ್ಲೋ ಕುಕ್ಕರಿನಲ್ಲೋ ಬೇಯಿಸಿ, ಮೇಲೆ ಒಂದು ಚಿಕ್ಕ ಚಮಚ ಎಣ್ಣೆಯನ್ನೋ ತುಪ್ಪವನ್ನೋ ಬೆರೆಸಿ ತಿಂದರೆ, ಕರಿಯುವುದರಿಂದ ಸಿಗಬೇಕಾದ ಲಾಭ ಅದರ ನಷ್ಟವಿಲ್ಲದೆ ಸಿಗುತ್ತದೆ.

ನಡುವೆ ಒಂದು ವಿಷಯ ಹೇಳಿಬಿಡುತ್ತೇನೆ. ಹಸಿರು ತರಕಾರಿಯ ಬಣ್ಣ ಉಳಿಯಲಿ, ಬೇಗ ಬೇಯಲಿ ಎಂದು ಚಿಟಿಕೆ ಅಡುಗೆ ಸೋಡಾ ಹಾಕುವವರಿದ್ದಾರೆ. ಕ್ಷಾರದಲ್ಲಿ ಸಿ ಜೀವಸತ್ವವೂ ಥಯಾಮಿನ್ ಎಂಬ ಬಿ ಒಂದು ಜೀವಸತ್ವವೂ ಬೇಗ ಒಡೆಯುತ್ತವೆ. ಬಣ್ಣ ನೋಡಿ ತರಕಾರಿ ಚೆನ್ನಾಗಿ ಬೆಂದಿದೆ ಎಂದು ಹೇಳುವ ನಮ್ಮ ಕಣ್ಣನ್ನು ಸೋಡಾ ವಂಚಿಸುತ್ತದೆ. ಯಾವ ವಿಧಾನದಲ್ಲಿ ಬೇಯಿಸಿದರೂ ಇದನ್ನು ಬಿಟ್ಟುಬಿಡುವುದು ಒಳ್ಳೆಯದು.

ಇಲ್ಲಿಗೆ ಬಂದ ಮೇಲೆ ಸಭೆಯಿಂದ ಒಂದು ಪ್ರಶ್ನೆ ಬಂದಿತ್ತು: ಆಲೂಗಡ್ಡೆ, ಕ್ಯಾರೆಟ್, ಬೀನ್ಸ್, ಪಾಲಕ್ ಎಲ್ಲವನ್ನೂ ಒಟ್ಟಿಗೆ ಹಾಕಿ ಕುಕ್ಕರಿನಲ್ಲಿ ಬೇಯಿಸಿದರೆ ಏನಾಗುತ್ತದೆ? ಆಲೂಗಡ್ಡೆ ಬೇಯುವವರೆಗೆ ಪಾಲಕ್ ಕಾಯಬೇಕಾಗುತ್ತದೆ, ಆಗುವುದು ಅದೇ. ಸೊಪ್ಪಿಗೆ ಬೇಕಾದದ್ದು ಎರಡು, ಮೂರು ನಿಮಿಷದ ಹಬೆ. ಹೀಗಾಗಿ ಆಲೂಗಡ್ಡೆಯನ್ನೂ ಕ್ಯಾರೆಟ್ಟನ್ನೂ ದೊಡ್ಡ ಹೋಳಾಗಿ ಕಡಿಮೆ ನೀರಿನಲ್ಲಿ ಒತ್ತಡ ಹಾಕಿ ಬೇಯಿಸಿ, ಒತ್ತಡ ಇಳಿಸಿ ಮುಚ್ಚಳ ತೆಗೆದ ಮೇಲೆ ಬೀನ್ಸ್ ಹಾಕಿ, ವೆಯ್ಟ್ ಇಲ್ಲದೆ ಬರಿಯ ತಟ್ಟೆ ಮುಚ್ಚಿ ಸಣ್ಣ ಉರಿಯಲ್ಲಿ ಕುದಿಯಲು ಬಿಡಿ. ಬೀನ್ಸ್ ಹದಕ್ಕೆ ಬಂದಾಗ ಆಗತಾನೆ ಹೆಚ್ಚಿದ ಸೊಪ್ಪನ್ನು ಮೇಲೆ ಹರಡಿ ಮತ್ತೆ ಮುಚ್ಚಿದರೆ ಎರಡು ನಿಮಿಷದಲ್ಲಿ ಅದು ಕುಗ್ಗಿ ಬೇಯುತ್ತದೆ. ತಳದಲ್ಲಿರುವ ನೀರು ಅಷ್ಟೂ ಅಡುಗೆಯಲ್ಲೇ ಇರಲಿ. ಇದನ್ನು ಬಡಿಸುವ ಹೊತ್ತಿಗೆ ಸರಿಯಾಗಿ ಮಾಡಿಕೊಳ್ಳಬೇಕು, ಏಕೆಂದರೆ ಬಿಸಿಯಾಗಿಯೇ ಇರಲಿ ಎಂದು ಒಲೆಯ ಮೇಲೆ ಗಂಟೆಗಟ್ಟಲೆ ಇಟ್ಟರೆ, ಬೇಯಿಸುವಾಗ ಉಳಿಸಿಕೊಂಡ ಸಿ ಜೀವಸತ್ವ ಅಲ್ಲಿ ಹೋಗುತ್ತದೆ. ಊಟ ತಡವಾಗುವುದಾದರೆ ಆಲೂಗಡ್ಡೆ, ಕ್ಯಾರೆಟ್ ಬೇಯಿಸಿಟ್ಟು, ಸೊಪ್ಪನ್ನು ಹೆಚ್ಚದೆ ಹಾಗೆಯೇ ತಣ್ಣಗೆ ಇಟ್ಟುಕೊಂಡು, ತಟ್ಟೆ ಹಾಕುವ ಮೊದಲು ಕುದಿ ಬರಿಸಿ ಸೇರಿಸಿ.